ಗ್ರಾಮರ್ ತಿದ್ದಿದರೆ ಸಾಲದು, ಮೊದಲು ‘ಅಂತ’ ಬಿಡಿಸಿ: ಭೋಸರಿಯ ಒಂದು ಪೋಸ್ಟಿನ ಅನುಭವ

ಪುಣೆಯ ಭೋಸರಿ, ಚಾಕಣ, ಪಿಂಪ್ರಿ ಕಡೆ ವರ್ಕ್‌ಶಾಪ್ ಇಟ್ಟ ನಮ್ಮ ಕನ್ನಡದವರಿಗೆ ನಾನು ಇಂಗ್ಲಿಷ್ ಪೋಸ್ಟ್ ತಿದ್ದಿ ಕೊಡುತ್ತೇನೆ. ಅವರು ಬರೆಯುವುದು ಇಂಗ್ಲಿಷಿನಲ್ಲಿ, ಒಳಗಿರುವುದು ಪೂರ್ತಿ ಕನ್ನಡ. ಅಂಥದ್ದನ್ನು ತಿದ್ದುವಾಗ ನಾನು ಮೊದಲು ಅದನ್ನು ಕನ್ನಡಕ್ಕೆ ವಾಪಸ್ ಹಾಕುತ್ತೇನೆ, ಆಮೇಲೆ ಇಂಗ್ಲಿಷ್ ಬರೆಯುತ್ತೇನೆ. ಇದೇ ಕೆಲಸ ಮಾಡುವ ಗೆಳೆಯರು ‘ಇದು ಡಬಲ್ ಕೆಲಸ, ಗ್ರಾಮರ್ ಸರಿ ಮಾಡಿ ಕೊಟ್ಟು ದುಡ್ಡು ತಗೋ’ ಅನ್ನುತ್ತಿದ್ದರು. ಈಗ ಅವರೇ ಹೇಗೆ ಮಾಡ್ತೀಯ ಅಂತ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಭೋಸರಿಯಲ್ಲಿ ಬೆಳಗಾವಿ ಕಡೆಯ ಒಬ್ಬ ಯಜಮಾನರಿದ್ದಾರೆ. ಗಿರಾಕಿ ಕೊಟ್ಟ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ತುಂಡು, ತಗೊಂಡು ಮಷೀನಿಂಗ್ ಮಾಡಿಕೊಡುವ ಜಾಬ್ ವರ್ಕ್ ಅವರದು. ನನ್ನ ಹತ್ತಿರ ಬರುವ ಮೊದಲು, ಗಿರಾಕಿಯ ಕಾಸ್ಟಿಂಗ್ ಕೆಟ್ಟಿದ್ದರ ಬಗ್ಗೆ ಒಂದು ಪೋಸ್ಟ್ ಬೇರೆಯವರಿಂದ ತಿದ್ದಿಸಿ ಹಾಕಿದ್ದರು. ಅದರಲ್ಲಿ ಅವರ ಮೂಲ ಸಾಲು ಹೀಗಿತ್ತು: ‘ವೆನ್ ಫೋನ್ಡ್, ಟೋಲ್ಡ್ ದಟ್ ಐ ವಿಲ್ ಗಿವ್ ಮಷೀನಿಂಗ್ ಕಾಸ್ಟ್.’ ತಿದ್ದಿದವರು ಇದನ್ನು ‘ವೆನ್ ಐ ಫೋನ್ಡ್, ಹೀ ಟೋಲ್ಡ್ ಮಿ ದಟ್ ಐ ವುಡ್ ಪೇ ದಿ ಮಷೀನಿಂಗ್ ಕಾಸ್ಟ್’ ಅಂತ ಮಾಡಿದರು. ಗ್ರಾಮರಿನಲ್ಲಿ ಒಂದು ತಪ್ಪೂ ಇಲ್ಲ. ಅರ್ಥ ಮಾತ್ರ ಪೂರ್ತಿ ಉಲ್ಟಾ.

ಯಜಮಾನರ ಮನಸ್ಸಿನಲ್ಲಿದ್ದ ಮಾತು ಇದು: ‘ಫೋನ್ ಮಾಡಿದಾಗ, ಮಷೀನಿಂಗ್ ಖರ್ಚು ನಾನು ಕೊಡ್ತೀನಿ ಅಂತ ಹೇಳಿದರು.’ ಇಲ್ಲಿ ‘ನಾನು’ ಅಂದರೆ ಗಿರಾಕಿ. ಕನ್ನಡದಲ್ಲಿ ‘ಅಂತ’ದ ಮುಂಚೆ ಬರುವುದು ಹೇಳಿದವರ ಬಾಯಿಯ ಮಾತು, ಹಾಗೇ ಎತ್ತಿ ಇಟ್ಟದ್ದು. ಇಂಗ್ಲಿಷಿನಲ್ಲಿ ‘ದಟ್’ ಬಂದ ಮೇಲಿನ ‘ಐ’ ಪೋಸ್ಟ್ ಬರೆದವರೇ ಆಗಿಬಿಡುತ್ತಾರೆ. ಪೋಸ್ಟ್ ಓದಿದ ಇನ್ನೊಬ್ಬ ಗಿರಾಕಿ, ಕಾಸ್ಟಿಂಗ್ ಕೆಟ್ಟರೆ ಇವರೇ ಮಷೀನಿಂಗ್ ಖರ್ಚು ಹೊರುತ್ತಾರೆ ಅಂದುಕೊಂಡ. ನಮಗೂ ಅದೇ ಟರ್ಮ್ಸ್ ಕೊಡಿ ಅಂತ ಕೂತ. ಆ ಆರ್ಡರ್ ಉಳಿಸಿಕೊಳ್ಳಲು ಯಜಮಾನರು ಬಿಟ್ಟುಕೊಟ್ಟ ಹಣ ಸುಮಾರು 18 ಸಾವಿರ ಅಂತ ನೆನಪು. ತಿದ್ದಿದ್ದಕ್ಕೆ ಕೊಟ್ಟದ್ದು 150.

ಹಾಗಾಗಿ ಎರಡನೇ ಪೋಸ್ಟ್ ನನಗೆ ಬಂತು. ಕೊಡುವಾಗಲೇ ಷರತ್ತು: ‘ಅಕ್ಕಾರ, ಗ್ರಾಮರ್ ಅಷ್ಟ ನೋಡ್ರಿ. ನನ್ನ ಮಾತು ಬದಲಿ ಮಾಡಬ್ಯಾಡ್ರಿ.’ ಮಾತು ಬದಲಾಗಬಾರದು ಅಂದರೆ ಮೊದಲು ಮಾತು ಯಾವುದು ಅಂತ ಗೊತ್ತಾಗಬೇಕಲ್ವಾ? ಹಾಗಾಗಿ ಅವರ ಒಂದೊಂದು ಇಂಗ್ಲಿಷ್ ಸಾಲಿನ ಕೆಳಗೂ, ಅದನ್ನೇ ಅವರು ತಮ್ಮ ಫೋರ್‌ಮನ್‌ಗೆ ಹೇಗೆ ಹೇಳುತ್ತಿದ್ದರೋ ಹಾಗೆ ಕನ್ನಡದಲ್ಲಿ ಬರೆದೆ. ಫೋನಿನಲ್ಲಿ ಓದಿ ಹೇಳಿದೆ. ‘ಹಾಂ, ಹಂಗ ಹೇಳಾಕ ಹೊಂಟಿದ್ದೆ ನೋಡ್ರಿ’ ಅಂದ ಸಾಲುಗಳನ್ನು ಮಾತ್ರ ಮುಂದಕ್ಕೆ ತಗೊಂಡೆ. ಆಮೇಲೆ ಪ್ರತಿ ಕ್ರಿಯಾಪದಕ್ಕೂ ಒಂದು ಸುತ್ತು ಹಾಕಿ, ಮಾಡಿದ್ದು ಯಾರು ಅಂತ ಪಕ್ಕದಲ್ಲಿ ಬರೆದೆ. ಕನ್ನಡದಲ್ಲಿ ‘ಹೇಳಿದೆವು’, ‘ಹೇಳಿದರು’ ಅಂದರೆ ಸಾಕು, ಯಾರು ಅಂತ ತಿಳಿಯುತ್ತದೆ. ಬರೀ ‘ಟೋಲ್ಡ್’ ಅಂದರೆ ಏನೂ ತಿಳಿಯುವುದಿಲ್ಲ.

ಅವರು ಬರೆದ ಇನ್ನೊಂದು ಸಾಲು: ‘ಒನ್ ಕಟ್ ಟೇಕನ್ ಅಂಡ್ ಇಫ್ ಸೀನ್, ಬ್ಲೋಹೋಲ್ಸ್ ಈಸ್ ದೇರ್.’ ಒಂದು ಕಟ್ ಹೊಡೆದು ನೋಡಿದರೆ ಬ್ಲೋಹೋಲ್, ಅಂದರೆ ಎರಕದೊಳಗೆ ಗಾಳಿ ಸಿಕ್ಕಿ ಆದ ತೂತು, ಇದೆ. ನಮ್ಮ ಈ ‘ನೋಡಿದರೆ’ಯಲ್ಲಿ ಷರತ್ತೇ ಇಲ್ಲ. ನೋಡಿಯಾಗಿದೆ, ಸಿಕ್ಕಿಯೂ ಆಗಿದೆ. ‘ಇಫ್’ ಹಾಕಿದರೆ ಮಾತ್ರ ಇಂಗ್ಲಿಷ್ ಓದುಗನಿಗೆ ಅದು ನಡೆದಿದೆಯೋ ಇಲ್ಲವೋ ಗೊತ್ತಿಲ್ಲದ ಸಂಗತಿಯಾಗುತ್ತದೆ. ನಾನು ಬರೆದದ್ದು: ‘ವೆನ್ ವಿ ಟುಕ್ ದಿ ಫಸ್ಟ್ ಕಟ್, ವಿ ಫೌಂಡ್ ಬ್ಲೋಹೋಲ್ಸ್.’ ಅಷ್ಟೇ. ಬ್ಲೋಹೋಲ್, ಕಟ್ ಎಲ್ಲ ಅವರದೇ ಪದ. ದೊಡ್ಡ ಪದ ಒಂದನ್ನೂ ತುರುಕಲಿಲ್ಲ.

ಅದರ ಮುಂದೆ ಉದ್ದ ಸರಪಳಿ: ‘ಚೆಕಿಂಗ್ ಅಂಡ್ ಫೋಟೋ ಟೇಕಿಂಗ್ ಅಂಡ್ ಸೆಂಡಿಂಗ್ ಅಂಡ್ ಜಾಬ್ ಸ್ಟಾಪ್ಡ್.’ ಚೆಕ್ ಮಾಡಿ, ಫೋಟೋ ತೆಗೆದು, ಕಳಿಸಿ, ಕೆಲಸ ನಿಲ್ಲಿಸಿದೆವು. ಇಂಥ ಕಡೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಸುದ್ದಿ ಯಾವುದು? ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊನೇ ಕ್ರಿಯಾಪದದಲ್ಲಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನೇ ಮುಂದೆ ತರಬೇಕು: ‘ವಿ ಸ್ಟಾಪ್ಡ್ ದಿ ಜಾಬ್ ಅಂಡ್ ಸೆಂಟ್ ದಿ ಕಸ್ಟಮರ್ ಫೋಟೋಸ್.’ ಚೆಕ್ ಮಾಡಿದ್ದನ್ನು ಬೇರೆ ಹೇಳಬೇಕಿಲ್ಲ, ಚೆಕ್ ಮಾಡದೆ ಯಾರೂ ನಿಲ್ಲಿಸುವುದಿಲ್ಲ. ಈ ಹಂತದಲ್ಲಿ ಮೂಲ ಇಂಗ್ಲಿಷ್ ಫೈಲ್ ಮುಚ್ಚಿರಬೇಕು. ಕಣ್ಣ ಮುಂದಿದ್ದರೆ ಕೈ ಅದೇ ಜಾಡು ಹಿಡಿಯುತ್ತದೆ.

‘ಅಂತ’ ಕಾರಣ ಹೇಳಲೂ ಬರುತ್ತದೆ, ಅಲ್ಲೂ ಹುಷಾರಾಗಿರಬೇಕು. ‘ಸ್ಟೀಲ್ ರೇಟ್ ವಿಲ್ ಇಂಕ್ರೀಸ್ ಲೈಕ್ ದಟ್ ವಿ ಪರ್ಚೇಸ್ಡ್ ಅರ್ಲಿ’ ಅಂತ ಬರೆದಿದ್ದರು. ರೇಟು ಏರುತ್ತೆ ಅಂತ ಮೊದಲೇ ತಗೊಂಡ್ವಿ. ಇಲ್ಲಿ ಯಾರೂ ಯಾರಿಗೂ ಏನೂ ಹೇಳಿಲ್ಲ, ಅವರ ಅಂದಾಜು ಅದು. ‘ವಿ ಬಾಟ್ ಅರ್ಲಿ ಬಿಕಾಸ್ ವಿ ಎಕ್ಸ್‌ಪೆಕ್ಟೆಡ್ ಸ್ಟೀಲ್ ಪ್ರೈಸಸ್ ಟು ರೈಸ್’ ಅಂದ ಮೇಲೆ ಸರಿ ಕೂತಿತು.

ತಿದ್ದಿದ್ದನ್ನು ಯಾರಿಗೆ ಓದಿಸುವುದು ಅನ್ನುವುದರಲ್ಲೂ ಪ್ರಯೋಗ ಮಾಡಿದೆ. ಮೊದಲ ಪೋಸ್ಟಿನ ತಿದ್ದದ ಇಂಗ್ಲಿಷನ್ನು ಪಕ್ಕದ ಮನೆಯ ಮರಾಠಿ ಮೇಷ್ಟ್ರಿಗೆ ಕೊಟ್ಟೆ. ಒಳ್ಳೆಯ ಇಂಗ್ಲಿಷ್ ಬಲ್ಲವರು. ಆದರೂ ‘ಟೋಲ್ಡ್ ದಟ್ ಐ’ ಸಾಲು ಅವರಿಗೆ ಒಂದಿಷ್ಟೂ ಚುಚ್ಚಲಿಲ್ಲ, ಸರಿಯಾದ ಅರ್ಥವೇ ಹೇಳಿದರು. ಯಾಕಂದರೆ ನಮ್ಮ ‘ಅಂತ’ ಮಾಡುವ ಕೆಲಸವನ್ನು ಮರಾಠಿಯ ‘ಮ್ಹಣೂನ್’ ಬಹಳ ಮಟ್ಟಿಗೆ ಮಾಡುತ್ತದೆ, ‘ಮಾಡಿ’ಗೆ ‘ಕರೂನ್’ ಇದೆ. ಪುಣೆಯಲ್ಲಿ ಕೂತು ಅಕ್ಕಪಕ್ಕದವರಿಗೆ ಓದಿಸಿದರೆ ಈ ತಪ್ಪು ಸಿಗುವುದೇ ಇಲ್ಲ. ಕಡೆಗೆ ಮುಂಬಯಿಯ ಬಾಂದ್ರಾದಲ್ಲಿರುವ ಒಬ್ಬ ಗೆಳತಿಗೆ ಕಳಿಸಿದೆ. ಅವಳ ಮನೆಮಾತೇ ಇಂಗ್ಲಿಷ್. ಓದಿದ ಕೂಡಲೇ ‘ಮಷೀನಿಂಗ್ ದುಡ್ಡು ಇವರೇ ಯಾಕೆ ಕೊಡಬೇಕು?’ ಅಂತ ಕೇಳಿದಳು. ಅವತ್ತಿನಿಂದ ಅವಳೇ ನನ್ನ ಓದುಗಿ. ಪೋಸ್ಟಿಗೆ 50 ರೂಪಾಯಿ ಅವಳಿಗೆ.

ಮರಾಠಿಯಿಂದ ಬರುವ ಒಂದು ತೊಂದರೆಯೂ ಇದೆ. ಇಲ್ಲಿನ ನಮ್ಮವರು ‘ವಿ ವಿಲ್ ಡೆಲಿವರ್ ಟಿಲ್ ಟೆಂತ್’ ಅಂತ ಬರೆಯುತ್ತಾರೆ. ಅವರ ತಲೆಯಲ್ಲಿರುವುದು ‘ದಹಾ ತಾರಖೇಪರ್ಯಂತ’, ಅಂದರೆ ಹತ್ತನೇ ತಾರೀಖಿನೊಳಗೆ. ‘ಬೈ ಟೆಂತ್’ ಆಗಬೇಕು. ‘ಟಿಲ್’ ಇದ್ದರೆ ಹತ್ತರವರೆಗೂ ಡೆಲಿವರಿ ನಡೀತಾನೇ ಇರುತ್ತೆ ಅನ್ನುವ ಅರ್ಥ. ಇಂಥ ಸಾಲನ್ನು ಕನ್ನಡಕ್ಕೆ ಹಾಕಿದರೆ ಗಂಟು ಬಿಚ್ಚುವುದಿಲ್ಲ, ಮರಾಠಿಗೇ ಹಾಕಬೇಕು.

ಇಂಗ್ಲಿಷ್ ಬರೆಯುವುದೇ ಬೇಡ, ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ ಅಂತಲೂ ಯಜಮಾನರಿಗೆ ಹೇಳಿ ನೋಡಿದೆ. ಮಾತು ಚೆನ್ನಾಗಿ ಬಂತು, ಆದರೆ ಉದ್ದ ಜಾಸ್ತಿ. ಎಷ್ಟು ಪೀಸು, ಎಷ್ಟು ರಿಜೆಕ್ಟು ಅನ್ನುವ ಲೆಕ್ಕವೆಲ್ಲ ಬಿಟ್ಟುಹೋಗಿತ್ತು. ಕೂತು ಬರೆಯುವಾಗ ಅವರು ಚಲನ್ ನೋಡಿ ಬರೆಯುತ್ತಾರೆ. ಹಾಗಾಗಿ ಬರೆದು ಕಳಿಸುವುದೇ ಒಳ್ಳೆಯದು.

‘ಔಟ್ ಆಫ್ ಸ್ಟೇಷನ್’, ‘ಪ್ರೀಪೋನ್’, ಲಕ್ಷಕ್ಕೆ ‘ಲ್ಯಾಕ್’, ಇಂಥ ನಮ್ಮ ದೇಶದ ಇಂಗ್ಲಿಷ್ ಪದಗಳನ್ನು ನಾನು ಮುಟ್ಟುವುದಿಲ್ಲ. ಓದುವವರು ಚಾಕಣದವರು, ಅವರಿಗೆ ಚೆನ್ನಾಗೇ ಅರ್ಥವಾಗುತ್ತದೆ. ಪೋಸ್ಟ್ ಹೊರದೇಶದವರಿಗೆ ಇದ್ದರೆ ಮಾತ್ರ ಬದಲಿಸುತ್ತೇನೆ.

ಒಂದು ಪುಟದ ಪೋಸ್ಟಿಗೆ ಒಂದೂವರೆ ಗಂಟೆ ಹಿಡಿಯುತ್ತದೆ, ಫೋನ್ ಮಾತೂ ಸೇರಿ. ಈಗ 500ರ ಆಸುಪಾಸು ತಗೊಳ್ಳುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ. ಬಾಂದ್ರಾಕ್ಕೆ ಕಳಿಸುವ ಮುಂಚೆ ‘ಯಾರು’ ತಪ್ಪಿದೆಯಾ ಅಂತ ಹಿಡಿಯುವ ಇನ್ನೊಂದು ಪರೀಕ್ಷೆ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಭೋಸರಿಯ ಯಜಮಾನರು ಈಗ ಕೊಟೇಶನ್ನಿನ ಜೊತೆ ಹೋಗುವ ಕವರಿಂಗ್ ಲೆಟರನ್ನೂ ನನಗೇ ಕಳಿಸುತ್ತಾರೆ. ಅದರಲ್ಲಿ ‘ಅಂತ’ ಇನ್ನೂ ಜಾಸ್ತಿ.