ಮುಂಬೈಗೆ ಇಳಿಯುವಾಗ ಕಿವಿ ಯಾಕೆ ಜಾಸ್ತಿ ನೋಯುತ್ತದೆ? ನನ್ನ ಅನುಭವ

ಬೆಂಗಳೂರಿಗೆ ಇಳಿಯುವಾಗ ತೆಪ್ಪಗಿರುವ ನನ್ನ ಎಡಗಿವಿ, ಮುಂಬೈಗೆ ಇಳಿಯುವಾಗ ಮಾತ್ರ ಜೀವ ಹಿಂಡುತ್ತಿತ್ತು. ವಿಮಾನ ಅದೇ ತರಹದ್ದು, ಕಿವಿಯೂ ಅದೇ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್ ಇದೆ, ಹೈಡ್ರಾಲಿಕ್ ವಾಲ್ವ್‌ಗಳ ಪಾರ್ಟ್ ಮಾಡುತ್ತೇವೆ. ಗಿರಾಕಿಗಳನ್ನು ನೋಡಲು ಆಗಾಗ ವಿಮಾನ ಹತ್ತಬೇಕಾಗುತ್ತದೆ. ಪ್ರೆಷರ್ ಜೊತೆಗೇ ದಿನ ಕಳೆಯುವವನಾದ್ದರಿಂದ ಕಿವಿಯ ಲೆಕ್ಕವನ್ನೂ ಒಮ್ಮೆ ಕೂತು ಹಾಕಿದೆ.

ವಿಮಾನ 35,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗೆ ಅಷ್ಟು ತೆಳುವಾದ ಗಾಳಿ ಇರುವುದಿಲ್ಲ. 6,000ದಿಂದ 8,000 ಅಡಿ ಎತ್ತರದಲ್ಲಿ ಎಷ್ಟು ಒತ್ತಡ ಇರುತ್ತದೋ ಅಷ್ಟನ್ನು ಒಳಗೆ ಕಾಯ್ದುಕೊಂಡಿರುತ್ತಾರೆ. ಇಳಿಯುತ್ತಾ ಇಳಿಯುತ್ತಾ ಅದನ್ನು ನೆಲದ ಒತ್ತಡಕ್ಕೆ ತರುತ್ತಾರೆ. ಆದರೆ ಎಲ್ಲ ಊರಿನ ನೆಲ ಒಂದೇ ಎತ್ತರದಲ್ಲಿಲ್ಲ, ಅಲ್ವಾ? ಬೆಂಗಳೂರು ಏರ್‌ಪೋರ್ಟ್ ಸುಮಾರು 3,000 ಅಡಿ ಮೇಲಿದೆ. ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್ 2,500 ಅಡಿಯ ಹತ್ತಿರ. ಮುಂಬೈ ಸಮುದ್ರದ ಮಟ್ಟ. ಒಳಗಿನ ಒತ್ತಡ 8,000 ಅಡಿಯದ್ದು ಅಂತ ಇಟ್ಟುಕೊಂಡರೆ, ಬೆಂಗಳೂರಿಗೆ ಇಳಿಯುವಾಗ ಕಿವಿ 5,000 ಅಡಿ ಇಳಿಯುತ್ತದೆ. ಮುಂಬೈಗಾದರೆ ಪೂರಾ 8,000 ಅಡಿ.

ಬಿಪಿಯನ್ನು ಅಳೆಯುವ ಪಾದರಸದ ಮಿಲಿಮೀಟರ್‌ನಲ್ಲೇ ಹೇಳುತ್ತೇನೆ. 8,000 ಅಡಿಯಲ್ಲಿ ಗಾಳಿಯ ಒತ್ತಡ ಸುಮಾರು 565. ಬೆಂಗಳೂರಿನಲ್ಲಿ 680ರ ಆಸುಪಾಸು, ಮುಂಬೈಯಲ್ಲಿ 760. ಅಂದರೆ ಬೆಂಗಳೂರಿಗೆ ಇಳಿದಾಗ ಹೆಚ್ಚುವ ಒತ್ತಡ 115ರಷ್ಟು, ಮುಂಬೈಗೆ ಇಳಿದಾಗ 195ರಷ್ಟು. ಇದು ಬರೀ ಅಂಕಿ ಅನ್ನಿಸಿದರೆ ಒಂದು ಕೆಲಸ ಮಾಡಿ. ಮೇಲೆ ಹಾರುತ್ತಿರುವಾಗ ಖಾಲಿ ನೀರಿನ ಬಾಟಲಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಮುಂದಿನ ಸೀಟಿನ ಜೇಬಿನಲ್ಲಿಡಿ. ಇಳಿಯುತ್ತಿದ್ದಂತೆ ಅದು ಚಟ್ ಚಟ್ ಎಂದು ಸದ್ದು ಮಾಡುತ್ತಾ ಒಳಗೆ ಕುಗ್ಗುತ್ತದೆ. ಮುಂಬೈಯಲ್ಲಿ ತೆಗೆದು ನೋಡಿದರೆ ಎರಡೂ ಪಕ್ಕ ತಗ್ಗು ಬಿದ್ದಿರುತ್ತದೆ. ಕಿವಿಯ ಪರದೆಯ ಮೇಲೂ ಅದೇ ಒತ್ತಡ ಬೀಳುತ್ತಿರುತ್ತದೆ.

ಪರದೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಅದೇ ನಡುಗಿವಿ. ಆ ಕೋಣೆಗೆ ಗಾಳಿ ಹೋಗಿ ಬರಲು ಇರುವುದು ಒಂದೇ ದಾರಿ, ಯೂಸ್ಟೇಶಿಯನ್ ಟ್ಯೂಬ್. ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ಕಿವಿಯಿಂದ ಹೊರಟು ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಬಾಯಿ ಬಿಡುತ್ತದೆ. ಕಿವಿಯ ಕಡೆಯ ಭಾಗ ಎಲುಬಿನೊಳಗಿದೆ, ಅದು ಮುಚ್ಚುವುದಿಲ್ಲ. ಮೂಗಿನ ಕಡೆಯ ಭಾಗ ಮೆತ್ತಗಿನ ಮೃದ್ವಸ್ಥಿ. ಅದು ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಅದನ್ನು ಎಳೆದು ಒಂದು ಕ್ಷಣ ತೆರೆಯುತ್ತದೆ. ಆಗ ಕೇಳುವ ಸಣ್ಣ ‘ಟಕ್’ ಅದರದ್ದೇ.

ಹಳೇ ಸೈಕಲ್‌ನ ವಾಲ್ ಟ್ಯೂಬ್ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಗಾಳಿ ಒಂದು ಕಡೆಗೆ ತಾನಾಗಿ ನುಗ್ಗುತ್ತದೆ, ತಿರುಗಿ ಬರಬೇಕೆಂದರೆ ರಬ್ಬರ್ ಅಮುಕಿ ಹಿಡಿಯುತ್ತದೆ. ವಿಮಾನ ಮೇಲೇರುವಾಗ ನಡುಗಿವಿಯ ಗಾಳಿ ಹಿಗ್ಗಿ, ಟ್ಯೂಬನ್ನು ತಾನೇ ತಳ್ಳಿಕೊಂಡು ಹೊರಗೆ ಬರುತ್ತದೆ. ನಾವೇನೂ ಮಾಡಬೇಕಾಗಿಲ್ಲ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು, ಆದರೆ ಅದೇ ಗಾಳಿ ಟ್ಯೂಬಿನ ಮೆತ್ತಗಿನ ತುದಿಯನ್ನು ಒತ್ತಿ ಮುಚ್ಚುತ್ತದೆ. ನಾವೇ ತೆರೆದು ಕೊಡಬೇಕು.

ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ನಡುಗಿವಿಯ ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 80–90 ಮಿಲಿಮೀಟರ್ ದಾಟಿತೆಂದರೆ ಆ ಸ್ನಾಯುವಿನ ಬಲ ಸಾಲುವುದಿಲ್ಲ. ಎಷ್ಟು ನುಂಗಿದರೂ ಟ್ಯೂಬ್ ತೆರೆಯುವುದಿಲ್ಲ, ಲಾಕ್ ಆಗಿಬಿಡುತ್ತದೆ. ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಒಬ್ಬರು ನಿದ್ದೆ ಹೋಗಿದ್ದಾರೆ, ಒಮ್ಮೆಯೂ ಟ್ಯೂಬ್ ತೆರೆದಿಲ್ಲ ಅನ್ನೋಣ. 565ಕ್ಕೆ 90 ಕೂಡಿಸಿದರೆ 655. ಅಂದರೆ ವಿಮಾನದೊಳಗಿನ ಒತ್ತಡ ಸುಮಾರು 4,000 ಅಡಿಯ ಮಟ್ಟಕ್ಕೆ ಬಂದಾಗ ಕಿವಿ ಲಾಕ್. ಬೆಂಗಳೂರಾದರೆ ಅಲ್ಲಿಂದ ಇನ್ನು ಸಾವಿರ ಅಡಿ ಅಷ್ಟೇ, ಹೇಗೋ ತಡೆದುಕೊಳ್ಳಬಹುದು. ಮುಂಬೈಯಾದರೆ ಇನ್ನೂ 4,000 ಅಡಿ ಬಾಕಿ! ಕ್ಯಾಬಿನ್ ಒತ್ತಡವನ್ನು ನಿಮಿಷಕ್ಕೆ 300ರಿಂದ 500 ಅಡಿ ಇಳಿದಷ್ಟು ಏರಿಸುತ್ತಾರೆ. ಹಾಗಾಗಿ ಲಾಕ್ ಆಗಲು ಹತ್ತು ಹನ್ನೆರಡು ನಿಮಿಷ ಸಾಕು. ನೆಲ ಕಾಣುವ ಹೊತ್ತಿಗೆ ಚಾಕಲೇಟ್ ಬಾಯಿಗೆ ಹಾಕಿಕೊಂಡರೆ ತಡವಾಗಿರುತ್ತದೆ.

ಅದಕ್ಕೇ ನಾನು ನೋವಿಗೆ ಕಾಯುವುದಿಲ್ಲ. ಎಂಜಿನ್ ಸದ್ದು ಕಡಿಮೆಯಾಗಿ ಮೂತಿ ಸ್ವಲ್ಪ ಕೆಳಗಾಯಿತು ಅನ್ನಿಸಿದ ಕೂಡಲೇ ಶುರು. ನಿದ್ದೆ ಬರುವ ಹಾಗಿದ್ದರೆ ಮೊದಲೇ ಅಲಾರಂ ಇಟ್ಟುಕೊಂಡಿರುತ್ತೇನೆ. ನಿದ್ದೆಯಲ್ಲಿ ನಾವು ನುಂಗುವುದೇ ಅಪರೂಪ. ಮೊದಲು ಬರೀ ಪೆಪ್ಪರ್‌ಮೆಂಟು, ಗುಟುಕು ಗುಟುಕು ನೀರು. ಎರಡೂ ಕಿವಿಯಲ್ಲಿ ‘ಟಕ್’ ಕೇಳುತ್ತಿದ್ದರೆ ಬೇರೇನೂ ಬೇಡ.

ಒಂದು ಕಿವಿ ಹಿಂದೆ ಬಿತ್ತು ಅನ್ನಿಸಿದರೆ ಎರಡನೇ ಉಪಾಯ. ಬಾಯಲ್ಲಿ ಒಂದು ಗುಟುಕು ನೀರು ಹಿಡಿದು, ಮೂಗಿನ ಎರಡೂ ಹೊಳ್ಳೆ ಬೆರಳಿನಿಂದ ಮುಚ್ಚಿ, ನೀರು ನುಂಗುವುದು. ಇದಕ್ಕೆ ಟಾಯ್ನ್‌ಬೀ ವಿಧಾನ ಎನ್ನುತ್ತಾರೆ. ಊದುವ ಕೆಲಸವೇ ಇಲ್ಲದ್ದರಿಂದ ನನಗೆ ಇದೇ ಜಾಸ್ತಿ ಇಷ್ಟ. ಎಡಗಿವಿ ಹಟ ಹಿಡಿದರೆ ಕುತ್ತಿಗೆಯನ್ನು ಬಲ ಹೆಗಲಿನ ಕಡೆ ಬಾಗಿಸಿ ನುಂಗುತ್ತೇನೆ, ಆ ಪಕ್ಕ ಸ್ವಲ್ಪ ಎಳೆದಂತಾಗಿ ತೆರೆಯಲು ಸುಲಭ.

ಮೂರನೆಯದು ಎಲ್ಲರಿಗೂ ಗೊತ್ತಿರುವ ವಾಲ್ಸಾಲ್ವಾ: ಮೂಗು ಹಿಡಿದು, ಬಾಯಿ ಮುಚ್ಚಿ ಊದುವುದು. ಬಹಳ ಮಂದಿ ಇದನ್ನು ಮುಖ ಕೆಂಪಾಗುವಷ್ಟು ಜೋರಾಗಿ ಮಾಡುತ್ತಾರೆ. ಹಾಗೆ ಮಾಡಬಾರದು. ಮೆಲ್ಲಗೆ ಎರಡು ಮೂರು ಸೆಕೆಂಡ್ ಒತ್ತಬೇಕು, ‘ಟಕ್’ ಅಂದ ಕೂಡಲೇ ಬಿಡಬೇಕು. ತೆರೆಯದಿದ್ದರೆ ಬಲ ಹೆಚ್ಚಿಸದೆ ನಿಲ್ಲಿಸಿ, ನುಂಗಿ, ಮತ್ತೆ ಮೆಲ್ಲಗೆ ನೋಡಬೇಕು. ಲಾಕ್ ಆದ ಟ್ಯೂಬಿಗೆ ಜೋರಾಗಿ ಊದಿದರೆ ಅದರ ತುದಿ ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಒತ್ತಡಕ್ಕೆ ಒಳಗಿವಿಯ ಪೊರೆ ಹರಿಯಬಹುದು. ಆಗ ತಲೆ ಸುತ್ತು, ಕಿವುಡು ಎರಡೂ ಬರಬಹುದು.

ಇಷ್ಟೆಲ್ಲಾ ನೆಗಡಿ ಇಲ್ಲದಾಗಿನ ಮಾತು. ನೆಗಡಿಯಾದರೆ ಟ್ಯೂಬಿನ ಒಳಪೊರೆ ಊದಿಕೊಂಡು ದಾರಿಯೇ ಕಿರಿದಾಗಿರುತ್ತದೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೋಗುವ ಮುನ್ನ ನನಗೆ ಹೀಗೇ ಆಗಿತ್ತು. ನೆಗಡಿ ಇಳಿಮುಖವಾಗಿತ್ತು, ಆದರೆ ಮೂಗು ಪೂರ್ತಿ ಬಿಟ್ಟಿರಲಿಲ್ಲ. ಹೊರಡುವ ಮುಂಜಾನೆ ಮೂಗು ಹಿಡಿದು ನೀರು ನುಂಗಿ ನೋಡಿದೆ. ಬಲಗಿವಿ ಕೂಡಲೇ ‘ಟಕ್’ ಅಂದಿತು. ಎಡಗಿವಿ ತಡವಾಗಿ, ಆದರೆ ಅಂದಿತು. ನೆಲದ ಮೇಲೆ ಅದೂ ತೆರೆಯದೇ ಹೋಗಿದ್ದರೆ ಟಿಕೆಟ್ ಮುಂದಕ್ಕೆ ಹಾಕುತ್ತಿದ್ದೆ. ನೆಲದ ಮೇಲೆ ತೆರೆಯದ ಕಿವಿ ಮೇಲಿನಿಂದ ಇಳಿಯುವಾಗ ತೆರೆಯುತ್ತದೆ ಅಂತ ನಂಬಲು ಕಾರಣವಿಲ್ಲ.

ನಮ್ಮ ಇಎನ್‌ಟಿ ಡಾಕ್ಟರು ಇಂಥ ಹೊತ್ತಿಗೆಂದೇ ಝೈಲೋಮೆಟಝೋಲಿನ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರು. ಇಳಿಯಲು ಶುರುವಾಗುವ ಅರ್ಧ ಗಂಟೆ ಮೊದಲು ಹಾಕಬೇಕು ಅಂದಿದ್ದರು. ಅದು ಒಂದೂಮುಕ್ಕಾಲು ಗಂಟೆಯ ಹಾರಾಟ, ಕೊನೆಯ ಅರ್ಧ ಗಂಟೆ ಇಳಿಯುವುದಕ್ಕೇ ಹೋಗುತ್ತದೆ. ಹಾಗಾಗಿ ಹೊರಟು ಮುಕ್ಕಾಲು ಗಂಟೆಗೆ ಸ್ಪ್ರೇ ತೆಗೆದೆ. ಮೊದಲು ಮೆಲ್ಲಗೆ ಸಿಂಬಳ ತೆಗೆದು ಮೂಗು ಸ್ವಚ್ಛ ಮಾಡಿದೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಸ್ಪ್ರೇ ತುದಿಯನ್ನು ಮೂಗಿನ ನಡುಗೋಡೆಗೆ ತಾಗದಂತೆ ಆಯಾ ಕಿವಿಯ ಕಡೆ ತಿರುಗಿಸಿ, ಹೊಳ್ಳೆಗೆ ಒಂದೊಂದು ಸಲ ಒತ್ತಿದೆ. ಐದು ನಿಮಿಷ ಬಿಟ್ಟು ಇನ್ನೊಂದೊಂದು. ಮೊದಲನೆಯದು ಮೂಗಿನ ಮುಂಭಾಗದ ಊತ ಇಳಿಸುತ್ತದೆ, ಆ ದಾರಿಯಲ್ಲಿ ಎರಡನೆಯದು ಟ್ಯೂಬಿನ ಬಾಯಿಯವರೆಗೆ ಹೋಗುತ್ತದೆ. ಆಮೇಲೆ ಮಾಮೂಲಿ ನೀರು, ಮೂಗು ಹಿಡಿದು ನುಂಗುವುದು, ಎರಡು ಮೂರು ನಿಮಿಷಕ್ಕೊಮ್ಮೆ. ಎಡಗಿವಿ ನಡುವೆ ಸ್ವಲ್ಪ ದಿಮ್ ಅಂದಿತು, ಆದರೆ ನೋವಾಗುವ ಮೊದಲೇ ತೆರೆಯಿತು.

ಈ ಸ್ಪ್ರೇ ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಬಿಪಿ, ಹೃದಯ, ಥೈರಾಯಿಡ್, ಗ್ಲಾಕೋಮಾ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಮ್ಮ ಅವ್ವನಿಗೆ ಬಿಪಿ ಇದೆ. ಅವಳನ್ನು ಕರೆದುಕೊಂಡು ಹೋದಾಗ ಸ್ಪ್ರೇ ಇಲ್ಲ, ಬರೀ ನೀರು. ಮೂಗು ಹಿಡಿದು ನುಂಗುವುದನ್ನು ಮನೆಯಲ್ಲೇ ಕಲಿಸಿದ್ದೆ. ಆದರೂ ಮುಂಬೈ ಹತ್ತಿರ ಬರುವಾಗ, “ಒಂದು ಕಿವಿ ಮುಚ್ಚಿದಂಗ ಆಗೇತಿ ನೋಡಪಾ, ನನ್ನ ದನಿ ನನಗೇ ಗುಂಯ್ ಅನ್ನಾಕತ್ತೈತಿ” ಅಂದಳು. ಲಾಕ್ ಆಗಿದೆ ಅಂತ ಗೊತ್ತಾಯಿತು. ಊದಲು ಬಿಡಲಿಲ್ಲ. ಇಳಿದ ಮೇಲೆ ಆಕಳಿಸುತ್ತಾ, ಬಿಸಿ ಚಹಾ ಗುಟುಕರಿಸುತ್ತಾ ಕೂತಳು. ಹೊರಗಿನ ಒತ್ತಡ ಏರುವುದು ನಿಂತಿರುತ್ತದೆ, ಟ್ಯೂಬಿನಿಂದ ಗಾಳಿ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತದೆ. ಸಂಜೆಯೊಳಗೆ ಕಿವಿ ಬಿಟ್ಟಿತು. ಬಿಸಿ ನೀರಿನ ಟಿಶ್ಯೂ ಇಟ್ಟ ಕಪ್ಪನ್ನು ಕಿವಿಗೆ ಹಿಡಿಯಿರಿ ಅಂತ ಪಕ್ಕದವರು ಹೇಳಿದ್ದರು. ಅದರಿಂದ ಟ್ಯೂಬ್ ತೆರೆಯುವುದಿಲ್ಲ, ಬಿಸಿ ನೀರು ಸೋರಿದರೆ ಸುಡುವುದಂತೂ ನಿಜ.

ಇಳಿದ ಮೇಲೂ ಒಂದೆರಡು ದಿನ ಕಿವಿ ದಿಮ್ ಅನ್ನುವುದಕ್ಕೆ ಹೆದರಬೇಕಿಲ್ಲ. ತಲೆ ಅಲ್ಲಾಡಿಸಿದಾಗ ಒಳಗೆ ಬುಳುಬುಳು ಅಂದರೆ, ಸೆಳೆತಕ್ಕೆ ನಡುಗಿವಿಯಲ್ಲಿ ನೀರು ಸೇರಿದೆ ಅಂತ ಅರ್ಥ. ಅದು ಇಳಿಯಲು ಒಂದೆರಡು ವಾರ ಹಿಡಿಯಬಹುದು. ಅದಿರುವಾಗ ಮತ್ತೆ ವಿಮಾನ ಹತ್ತುವ ಮುನ್ನ ಡಾಕ್ಟರಿಗೆ ತೋರಿಸಿ. ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತಲೆ ಗಿರ್ರೆಂದು ಸುತ್ತಿದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಕಾಯಬೇಡಿ. ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.