ಸ್ಲ್ಯಾಬ್ ಬಿಲ್ ತಾಳೆ ನೋಡುವ ಸುಲಭ ದಾರಿ
ಬಾಗಲಕೋಟೆಯ ಗೆಳೆಯರೇ, ಹಳೆಯ ಹೆಸ್ಕಾಂ ಬಿಲ್‌ನ ಲೆಕ್ಕ ಮನೆಯಲ್ಲಿ ಮಾಡಿದ್ದರೆ ಅದನ್ನು ಎರಡು ದಾರಿಯಲ್ಲಿ ತಾಳೆ ನೋಡಿ. ಉದಾಹರಣೆಗೆ ಮೊದಲ 50 ಯೂನಿಟ್‌ಗೆ 4 ರೂಪಾಯಿ, ಮುಂದಿನ 50ಕ್ಕೆ 5, ಉಳಿದದ್ದಕ್ಕೆ 7 ಅಂತ ಇಟ್ಟುಕೊಳ್ಳಿ. 135 ಯೂನಿಟ್‌ಗೆ 200, 250, 245 ಸೇರಿ 695 ಆಗುತ್ತದೆ. ಈಗ ಎಲ್ಲಾ ಯೂನಿಟ್‌ಗೂ 7ರ ದರ ಹಾಕಿದರೆ 945. ಅದರಲ್ಲಿ 250 ಕಳೆದರೆ ಮತ್ತೆ 695 ಬರಬೇಕು. ಯಾಕಂದ್ರೆ ಮೊದಲ 50ಕ್ಕೆ ಮೂರು ಮೂರು, ಮುಂದಿನ 50ಕ್ಕೆ ಎರಡೆರಡು ರೂಪಾಯಿ ಕಡಿಮೆ ಬಿದ್ದಿರುತ್ತದೆ: 150 ಮತ್ತು 100. ನಿಮ್ಮ ಉತ್ತರ ಸರಿಯಾಗಿ 250 ಜಾಸ್ತಿ ಇದ್ದರೆ, ಮೇಲಿನ ದರವನ್ನೇ ಎಲ್ಲದಕ್ಕೂ ಹಾಕಿರಬಹುದು, ನೋಡಿ. ನಿಗದಿತ ಶುಲ್ಕ, ತೆರಿಗೆ ಆಮೇಲೆ ಸೇರಿಸಿ. 100 ಯೂನಿಟ್‌ಗಿಂತ ಕಡಿಮೆ ಬಳಸಿದ್ದರೆ ಈ 250 ನಡೆಯುವುದಿಲ್ಲ. 2024ರ ಏಪ್ರಿಲ್ ನಂತರದ ಮನೆ ಬಿಲ್‌ಗೂ ಬೇಡ, ಅಲ್ಲಿ ಎಲ್ಲಾ ಯೂನಿಟ್‌ಗೂ ಒಂದೇ ದರ.