ಕಣ್ಣಿನ ಗುಳಿ ತುಂಬಿತು, ಕರು ಏಳಲಿಲ್ಲ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಭೇದಿಯಾಗಿ ಮಲಗಿದ್ದ ಒಂದು ಕರುವಿಗೆ ಆರು ಬಾಟಲಿ ನಾರ್ಮಲ್ ಸಲೈನ್ ಏರಿಸಿದ್ದೆ. ಗುಳಿಬಿದ್ದ ಕಣ್ಣು ಮೇಲೆ ಬಂತು, ಕರು ಉಚ್ಚೆಯನ್ನೂ ಹೊಯ್ಯಿತು. ಆದರೆ ತಲೆ ಎತ್ತಲಿಲ್ಲ, ಬಾಯಿಗಿಟ್ಟ ಬೆರಳು ಚೀಪಲಿಲ್ಲ. ಮರುದಿನ ಬೆಳಗ್ಗೆ ಹೋದಾಗ ಸತ್ತಿತ್ತು. ನೀರಿನ ಸಾಲ ತೀರಿಸಿದ್ದೆ, ರಕ್ತದಲ್ಲಿ ಏರಿದ್ದ ಆಮ್ಲವನ್ನು ಮುಟ್ಟಿರಲೇ ಇಲ್ಲ. ಸಲೈನಿನಲ್ಲಿ ಕ್ಲೋರೈಡ್ ಹೆಚ್ಚಿರುವುದರಿಂದ ಆಮ್ಲವನ್ನು ಇನ್ನಷ್ಟು ಏರಿಸಿದ್ದೆ ಅಂತಲೂ ಈಗ ಅನ್ನಿಸುತ್ತದೆ.

ಅಂದಿನಿಂದ ಭೇದಿಯ ಕರುವಿನ ಮುಂದೆ ಕೂತಾಗ ಎರಡು ಲೆಕ್ಕ ಬೇರೆಬೇರೆ ಹಾಕುತ್ತೇನೆ. ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಹನ್ನೆರಡು ದಿನದ ಎಚ್‌ಎಫ್ ಮಿಶ್ರತಳಿಯ ಹೆಣ್ಣುಕರುವಿಗೆ ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ.

ಬೆಳಗ್ಗೆ ಏಳಕ್ಕೆ ಹೋದೆ. ಮೂರು ದಿನದಿಂದ ಹಳದಿ ನೀರಿನಂಥ ಭೇದಿ. ಕರು ಪಕ್ಕಕ್ಕೆ ವಾಲಿ, ಕಾಲು ಚಾಚಿ ಮಲಗಿತ್ತು. "ನೆನ್ನೆಯಿಂದ ಹಾಲು ಬಿಟ್ಟಿಲ್ಲ ಡಾಕ್ಟ್ರೇ, ಎಳನೀರು ಕುಡ್ಸಿದ್ದೀವಿ" ಅಂದರು ಮನೆಯ ಅಕ್ಕ. ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ ನೋಡಿದರೆ ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸುಮಾರು 6 ಮಿಲಿಮೀಟರ್ ಸಂದು. ಆ ಸಂದನ್ನು 1.7ರಿಂದ ಗುಣಿಸಿದರೆ ದೇಹತೂಕದ ಶೇಕಡಾ ಎಷ್ಟು ನೀರು ಹೋಗಿದೆ ಅನ್ನುವುದು ಸಿಗುತ್ತದೆ. ಇಲ್ಲಿ ಸುಮಾರು 10. ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ಟರೆ ಕೆಳಗಿಳಿಯಲು ಏಳು ಸೆಕೆಂಡು ಹಿಡಿಯಿತು. ಕರು 30 ಕೆಜಿ ಇದ್ದೀತು, ಅಂದರೆ ಮೂರು ಲೀಟರ್ ಸಾಲ. ಇದು ಒಂದನೆಯ ಲೆಕ್ಕ.

ಎರಡನೆಯದಕ್ಕೆ ಕಣ್ಣಿನ ಗುಳಿ ಸಹಾಯ ಮಾಡುವುದಿಲ್ಲ. ಹಳ್ಳಿಯಲ್ಲಿ ರಕ್ತದ ಆಮ್ಲ ಅಳೆಯುವ ಯಂತ್ರ ಇಲ್ಲ, ಕರುವಿನ ವಯಸ್ಸು ಮತ್ತು ಭಂಗಿಯೇ ಯಂತ್ರ. ಸಗಣಿಯಲ್ಲಿ ಬೈಕಾರ್ಬೊನೇಟ್ ಹರಿದುಹೋಗುತ್ತದೆ. ಜತೆಗೆ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಹಾಲಿನ ಸಕ್ಕರೆ ಹುಳಿತು ಡಿ-ಲ್ಯಾಕ್ಟೇಟ್ ಎಂಬ ಆಮ್ಲ ಆಗುತ್ತದೆ. ಅದು ಮೆದುಳಿಗೆ ಏರಿದರೆ ಕರು ಕುಡುಕನ ಹಾಗೆ ತೂರಾಡುತ್ತದೆ, ರೆಪ್ಪೆ ಮುಟ್ಟಿದರೂ ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ. ಕಣ್ಣು ಅಷ್ಟೇನೂ ಗುಳಿಬೀಳದೆ ಬರೀ ತೂರಾಡುವ ಕರುವೂ ಇರುತ್ತದೆ. ಅದಕ್ಕೆ ನೀರಿಗಿಂತ ಬೈಕಾರ್ಬೊನೇಟ್ ಮುಖ್ಯ. ಎಂಟು ದಿನ ದಾಟಿದ ಕರು ಎದೆಯೂರಿ ಕೂತಿದ್ದರೆ ಲೀಟರಿಗೆ 15 ಮಿಲಿಈಕ್ವಿವಲೆಂಟ್ ಬೈಕಾರ್ಬೊನೇಟ್ ಕೊರತೆ ಹಿಡಿಯುತ್ತೇನೆ, ಪಕ್ಕಕ್ಕೆ ಮಲಗಿಬಿಟ್ಟಿದ್ದರೆ 20. ಎಂಟು ದಿನದೊಳಗಿನ ಕರುವಿನಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಇದು ಅಂದಾಜೇ ಹೊರತು ಅಳತೆಯಲ್ಲ.

ಲೆಕ್ಕ ಹೀಗೆ: ತೂಕ, ಕೊರತೆ, ಮೈಯಲ್ಲಿ ಬೈಕಾರ್ಬೊನೇಟ್ ಹರಡುವ ಪಾಲು 0.6, ಮೂರನ್ನೂ ಗುಣಿಸಿದರೆ 30 × 20 × 0.6 = 360 ಮಿಲಿಈಕ್ವಿವಲೆಂಟ್. ಒಂದು ಗ್ರಾಂ ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ ಸುಮಾರು 12 ಸಿಗುವುದರಿಂದ 30 ಗ್ರಾಂ ಬೇಕು.

ಸ್ಟೆತೊಸ್ಕೋಪ್ ಇಟ್ಟೆ. ಇಂಥ ಕರುವಿನ ಎದೆ ನಿಮಿಷಕ್ಕೆ ನೂರು ದಾಟಿ ಬಡಿಯಬೇಕು. ಸಿಕ್ಕಿದ್ದು 76, ಅದೂ ಮಧ್ಯೆ ಮಧ್ಯೆ ತಪ್ಪುತ್ತಿತ್ತು. ಪೊಟ್ಯಾಶಿಯಂ ಏರಿರುವ ಗುರುತು ಅದು. ವಿಚಿತ್ರ ಅಂದರೆ ಭೇದಿಯಲ್ಲಿ ಮೈಯ ಪೊಟ್ಯಾಶಿಯಂ ಖಾಲಿಯಾಗುತ್ತಲೇ ಇರುತ್ತದೆ. ಆದರೆ ಜೀವಕೋಶದೊಳಗಿನದು ರಕ್ತಕ್ಕೆ ಬಂದು ನಿಲ್ಲುತ್ತದೆ, ನೀರಿಲ್ಲದ ಮೂತ್ರಪಿಂಡ ಅದನ್ನು ಹೊರಹಾಕುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ, ಸೋಡಿಯಂ ಕಡಿಮೆ. ನಮ್ಮೂರ ಕಡೆ ಎಲ್ಲಕ್ಕೂ ಎಳನೀರೇ ಮದ್ದು, ಬೈಯಲು ಮನಸ್ಸು ಬರುವುದಿಲ್ಲ. ಆದರೆ ಮಲಗಿದ ಕರುವಿಗೆ ಅದು ಬೇಡ ಅಂತ ಅಕ್ಕನಿಗೆ ಖಂಡಿತವಾಗಿ ಹೇಳಿದೆ.

ಕತ್ತಿನ ರಕ್ತನಾಳಕ್ಕೆ 18 ಗೇಜಿನ ಕ್ಯಾನುಲಾ ಹಾಕಿದೆ. ನೀರಾರಿದ ಕರುವಿನ ಚರ್ಮ ಚಕ್ಕಳದ ಹಾಗಿರುತ್ತದೆ, ಕ್ಯಾನುಲಾದ ತುದಿ ಮಡಚಿಕೊಳ್ಳುತ್ತದೆ. ಹಾಗಾಗಿ ಮೊದಲು ಬ್ಲೇಡಿನಿಂದ ಚರ್ಮಕ್ಕೆ ಸಣ್ಣ ಗೀರು ಹಾಕುತ್ತೇನೆ. 500 ಮಿಲಿಯ 5% ಡೆಕ್ಸ್‌ಟ್ರೋಸ್ ಬಾಟಲಿಯಿಂದ ಸಿರಿಂಜಿನಲ್ಲಿ 100 ಮಿಲಿ ತೆಗೆದು, ಆ ಜಾಗಕ್ಕೆ 7.5% ಸೋಡಿಯಂ ಬೈಕಾರ್ಬೊನೇಟ್‌ನ 25 ಮಿಲಿಯ ನಾಲ್ಕು ಆಂಪ್ಯೂಲ್ ಸೇರಿಸಿದೆ. ಬಾಟಲಿಗೆ ಏಳೂವರೆ ಗ್ರಾಂ ಆಯಿತು, ಬೈಕಾರ್ಬೊನೇಟ್ ಸಾಂದ್ರತೆ 1.5%, ಡೆಕ್ಸ್‌ಟ್ರೋಸೂ ಸೇರಿ ರಕ್ತದ ಸುಮಾರು ಎರಡರಷ್ಟು ಗಾಢ. ನಾಲ್ಕು ಬಾಟಲಿಗೆ 30 ಗ್ರಾಂ, ಎರಡು ಲೀಟರ್. ಡೆಕ್ಸ್‌ಟ್ರೋಸ್ ಯಾಕೆಂದರೆ ಹಾಲಿಲ್ಲದ ಕರುವಿನ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿರಬಹುದು, ಮೇಲಾಗಿ ಅದು ಪೊಟ್ಯಾಶಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳಲು ನೆರವಾಗುತ್ತದೆ. ಹೆಚ್ಚಾದ ಸಕ್ಕರೆ ಉಚ್ಚೆಯಲ್ಲಿ ಹೋಗುವಾಗ ಒಂದಿಷ್ಟು ನೀರನ್ನೂ ಎಳೆದೊಯ್ಯುತ್ತದೆ, ಅದಕ್ಕಾಗಿ ಎಲ್ಲವನ್ನೂ ಡೆಕ್ಸ್‌ಟ್ರೋಸಿನಲ್ಲೇ ಮುಗಿಸುವುದಿಲ್ಲ.

ರಿಂಗರ್ ಲ್ಯಾಕ್ಟೇಟ್ ಬಾಟಲಿಗೇ ಬೈಕಾರ್ಬೊನೇಟ್ ಸುರಿಯುವ ತಪ್ಪನ್ನೂ ಒಮ್ಮೆ ಮಾಡಿದ್ದೇನೆ. ಅದರಲ್ಲಿರುವ ಕ್ಯಾಲ್ಸಿಯಂ ಬೆರೆತ ಕೂಡಲೇ ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿ ಸೆಟ್ ಕಟ್ಟಿಕೊಂಡಿತು. ಎರಡನ್ನೂ ಕೊಡಬೇಕಾದರೆ ಒಂದಾದ ಮೇಲೆ ಒಂದು, ನಡುವೆ ಸಲೈನಿನಿಂದ ನಳಿಗೆ ತೊಳೆಯಬೇಕು. ರಿಂಗರ್ ಲ್ಯಾಕ್ಟೇಟ್ ಒಂದರಿಂದಲೇ ಇಂಥ ಆಮ್ಲ ಇಳಿಯುವುದಿಲ್ಲ. ಅದರ ಲ್ಯಾಕ್ಟೇಟ್ ಲೀಟರಿಗೆ 28 ಮಿಲಿಈಕ್ವಿವಲೆಂಟ್ ಮಾತ್ರ, ಅದೂ ಲಿವರಿನಲ್ಲಿ ಬದಲಾದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ.

ಗುದದ ಉಷ್ಣತೆ 36 ಡಿಗ್ರಿ ಇತ್ತು. ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಬೆಚ್ಚಗೆ ಮಾಡಿದೆವು, ಕರುವಿನ ಮೈಮೇಲೆ ಗೋಣಿಚೀಲ ಹೊದಿಸಿದೆವು. ಮೊದಲ ಎರಡು ಬಾಟಲಿ ಸುಮಾರು ಒಂದು ಗಂಟೆಯಲ್ಲಿ ಓಡಿಸಿದೆ. ಅಷ್ಟರಲ್ಲಿ ಎದೆಬಡಿತ ಸರಿಯಾಗಿ 104ಕ್ಕೆ ಬಂತು. ಅರ್ಧ ಲೆಕ್ಕ ಮುಗಿದಾಗ ನಿಂತು ನೋಡುವುದು ನನ್ನ ರೂಢಿ. ಕರು ಅಷ್ಟರಲ್ಲೇ ಎದ್ದು ಚೀಪತೊಡಗಿದರೆ ಉಳಿದದ್ದನ್ನು ಕೊಡುವುದಿಲ್ಲ. ಬೈಕಾರ್ಬೊನೇಟ್ ಮಿತಿಮೀರಿದರೆ ಉಸಿರು ನಿಧಾನವಾಗಿ ಮೈ ಅದುರುತ್ತದೆ. ನ್ಯುಮೋನಿಯಾ ಇರುವ ಕರುವಿಗಂತೂ ಬಹಳ ಹುಷಾರಾಗಿ ಕೊಡಬೇಕು, ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕಲಾರದು. ಈ ಕರು ಆಗಿನ್ನೂ ತಲೆ ಎತ್ತಿರಲಿಲ್ಲ. ಹಾಗಾಗಿ ಉಳಿದೆರಡನ್ನು ಎರಡು ಗಂಟೆಯಲ್ಲಿ ನಿಧಾನವಾಗಿ ಕೊಟ್ಟೆ, ಆಗಾಗ ಎದೆ ಕೇಳುತ್ತ. ಒದ್ದೆ ಕೆಮ್ಮು ಬಂದರೆ, ಎದೆಯಲ್ಲಿ ಗೊರಗೊರ ಕೇಳಿದರೆ ತಕ್ಷಣ ನಿಲ್ಲಿಸಬೇಕು.

ಮೂರನೇ ಬಾಟಲಿ ನಡೆಯುವಾಗ ಉಚ್ಚೆ ಹೊಯ್ದಿತು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಎದೆಯೂರಿ ಕೂತು ನನ್ನ ಬೆರಳು ಚೀಪಿತು. ಆಮೇಲೆ ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್. ಮಲಗಿದ್ದ ಕರುವಾದ್ದರಿಂದ ಸೋಂಕು ರಕ್ತಕ್ಕೆ ಸೇರಿರಬಹುದೆಂದು ಆ್ಯಂಟಿಬಯೋಟಿಕ್ ಕೊಟ್ಟೆ.

ಆಮ್ಲ ಇಳಿದ ಮೇಲೆ ಪೊಟ್ಯಾಶಿಯಂ ಜೀವಕೋಶಕ್ಕೆ ವಾಪಸು ಹೋಗುತ್ತದೆ, ಆಗ ರಕ್ತದಲ್ಲಿ ಕಡಿಮೆಯಾಗಿ ಕರು ಬಲವಿಲ್ಲದೆ ಕುಸಿಯಬಹುದು. ಅದನ್ನು ಬಾಯಿಯ ಮೂಲಕ ತುಂಬುತ್ತೇನೆ. ಮೆಡಿಕಲ್ ಅಂಗಡಿಯ ಮನುಷ್ಯರ ಓಆರ್‌ಎಸ್ ಪುಡಿ ಒಂದು ಲೀಟರಿನ ಪೊಟ್ಟಣ, ಕುದಿಸಿ ಆರಿಸಿದ ಒಂದು ಲೀಟರ್ ನೀರು, ಅದಕ್ಕೆ 4 ಗ್ರಾಂ ಅಡುಗೆ ಸೋಡಾ. ಅಂಥ ಒಂದೊಂದು ಲೀಟರ್ ದಿನಕ್ಕೆ ಮೂರು ಸಲ, ಕರು ತಾನೇ ಚೀಪಿ ಕುಡಿಯುವ ಹಾಗೆ. ಸೋಡಾ ಹಾಲು ಗಡ್ಡೆಕಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಹಾಲಿಗೂ ಇದಕ್ಕೂ ಎರಡು ಮೂರು ಗಂಟೆ ಅಂತರ ಬೇಕು. ಹಾಲನ್ನು ಮಾತ್ರ ನಿಲ್ಲಿಸಬಾರದು. ಓಆರ್‌ಎಸ್‌ನಲ್ಲಿರುವ ಸಕ್ಕರೆಯಿಂದ ಕರುವಿನ ಹೊಟ್ಟೆ ತುಂಬದು.

ಸಂಜೆ ಅಕ್ಕನ ಫೋನು. "ಎದ್ದು ನಿಂತದೆ ಡಾಕ್ಟ್ರೇ, ಆದ್ರೆ ಭೇದಿ ಇನ್ನೂ ನಿಂತಿಲ್ಲ, ಇನ್ನೊಂದ್ ಸೂಜಿ ಹಾಕ್ತೀರಾ?" ಭೇದಿ ಇನ್ನೂ ಎರಡು ಮೂರು ದಿನ ಇರುತ್ತದೆ, ಹೋದಷ್ಟನ್ನು ಬಾಯಲ್ಲಿ ಕೊಡುತ್ತಿರಿ, ಬೆಳಗ್ಗೆ ಕಣ್ಣಿನ ಸಂದು ನೋಡಿ, ಬೆರಳು ಚೀಪುವುದನ್ನು ಬಿಟ್ಟರೆ ಮಾತ್ರ ಕರೆಯಿರಿ ಅಂದೆ. ಕರೆಯಲಿಲ್ಲ. ನಾಲ್ಕನೇ ದಿನ ಆ ದಾರಿಯಲ್ಲಿ ಹೋಗುವಾಗ ಇಣುಕಿದೆ, ಸಗಣಿ ಅಂಟಿನ ಹಾಗೆ ಗಟ್ಟಿಯಾಗಿತ್ತು.